ಮಕ್ಕಳು ಬರೆದದ್ದು ಬೇಡಿಕೆ ರೇಖೆಯಲ್ಲ

ಪ್ರಶ್ನೆ: ದಾವಣಗೆರೆಯ ಶಾಲೆಯೊಂದರಲ್ಲಿ ಹನ್ನೊಂದನೇ ತರಗತಿಗೆ ಅರ್ಥಶಾಸ್ತ್ರ ಹೇಳುತ್ತೇನೆ. ಬೇಡಿಕೆ-ಪೂರೈಕೆ ಪಾಠಕ್ಕೆ ನಮ್ಮ ಕ್ಯಾಂಟೀನನ್ನೇ ಉದಾಹರಣೆ ಮಾಡಿಕೊಂಡೆ. ದಿನಾ ಎಷ್ಟು ಮೆಣಸಿನಕಾಯಿ ಬಜ್ಜಿ ಖರ್ಚಾಯಿತು ಅಂತ ಮಕ್ಕಳು ಎರಡು ವಾರ ಬರೆದುಕೊಂಡರು. ಮೊದಲ ವಾರ ಬಜ್ಜಿಗೆ 10 ರೂಪಾಯಿ ಇತ್ತು. ಖರ್ಚಾದದ್ದು 80, 80, 78, 80, 80. ಎರಡನೇ ವಾರ ಕ್ಯಾಂಟೀನ್ ಸಮಿತಿಯವರು 12 ಮಾಡಿದರು. ಆಗ 100, 100, 100, 98, 100. ಎರಡೂ ವಾರ ದಿನಾ ಬ್ರೇಕ್ ಮುಗಿಯುವ ಮೊದಲೇ ತಟ್ಟೆ ಖಾಲಿ. "ಬೆಲೆ ಏರಿದರೆ ಬೇಡಿಕೆ ಕಡಿಮೆ ಆಗುತ್ತೆ ಅಂದಿದ್ರಲ್ಲ ಮೇಡಂ, ಜಾಸ್ತಿ ಆಯ್ತಲ್ಲ" ಅಂತ ಮಕ್ಕಳು ಕೇಳುತ್ತಿದ್ದಾರೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ಮೇಡಂ, ನಿಮ್ಮ ಲೆಕ್ಕ ಸರಿಯಾಗಿದೆ, ಮಕ್ಕಳು ಕೇಳಿದ ಪ್ರಶ್ನೆಯೂ ಸರಿಯಾಗಿದೆ. ತಪ್ಪಿದ್ದು ಆ ಲೆಕ್ಕಕ್ಕೆ ಇಟ್ಟ ಹೆಸರು ಮಾತ್ರ.

ಮೊದಲ ವಾರದ ಅಂಕಿಗಳನ್ನು ಇನ್ನೊಮ್ಮೆ ನೋಡಿ. 80, 80, 78, 80, 80. ನಾನೂರು ಮಕ್ಕಳ ಶಾಲೆ ಅಂತ ಇಟ್ಟುಕೊಳ್ಳಿ. ಒಬ್ಬನಿಗೆ ಇವತ್ತು ಹಸಿವಿಲ್ಲ, ಇನ್ನೊಬ್ಬಳ ಹತ್ತಿರ ದುಡ್ಡಿಲ್ಲ, ಮತ್ತೊಬ್ಬ ಡಬ್ಬಿಯಲ್ಲಿ ಅವಲಕ್ಕಿ ತಂದಿದ್ದಾನೆ. ಇಷ್ಟೆಲ್ಲ ಇದ್ದೂ ದಿನಾ ಸರಿಯಾಗಿ ಎಂಬತ್ತೇ ಬಜ್ಜಿಗೆ ಆಸೆ ನಿಲ್ಲುತ್ತದೆಯೇ? ತಿನ್ನುವವರ ಲೆಕ್ಕ ಏರುತ್ತಾ ಇಳಿಯುತ್ತಾ ಇರುತ್ತದೆ. ಇಷ್ಟು ಸಮನಾಗಿ ಬರುವುದು ಕರಿಯುವವರ ಲೆಕ್ಕ. ಕ್ಯಾಂಟೀನ್ ಅಕ್ಕನ ಬಾಣಲೆಗೆ ಒಂದು ಒಬ್ಬೆಗೆ ಹತ್ತು ಬಜ್ಜಿ ಹಿಡಿಯುತ್ತದೆ ಅಂದುಕೊಳ್ಳಿ. ಎಂಟು ಒಬ್ಬೆಗೆ ಎಂಬತ್ತು. 78 ಬಂದ ದಿನ ಎರಡು ಎಣ್ಣೆಯಲ್ಲಿ ಒಡೆದಿರಬೇಕು.

ಇನ್ನೊಂದು ಸುಳಿವನ್ನು ನೀವೇ ಬರೆದಿದ್ದೀರಿ. ಬ್ರೇಕ್ ಮುಗಿಯುವ ಮೊದಲೇ ತಟ್ಟೆ ಖಾಲಿ. ಅಂದರೆ ಬೇಕು ಅಂತ ಬಂದು ಸಿಗದೆ ವಾಪಸ್ ಹೋದವರು ಇದ್ದಾರೆ. ಅವರ ಬೇಡಿಕೆ ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ತಟ್ಟೆ ಖಾಲಿಯಾದ ದಿನ ನಾವು ಬರೆದುಕೊಳ್ಳುವ ಮಾರಾಟದ ಸಂಖ್ಯೆ ಪೂರೈಕೆಯದು. ಬಜ್ಜಿ ಉಳಿದ ದಿನ ಬರೆದುಕೊಳ್ಳುವುದು ಬೇಡಿಕೆಯದು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಮಾರಾಟವಾಗುವುದು. ನಿಮ್ಮ ಹತ್ತು ದಿನವೂ ತಟ್ಟೆ ಖಾಲಿಯಾಗಿದೆ. ಹಾಗಾಗಿ ಹತ್ತು ಬಿಂದುಗಳೂ ಪೂರೈಕೆಯವೇ. ಮಕ್ಕಳು ಚೆನ್ನಾಗಿ ಒಂದು ಪೂರೈಕೆ ರೇಖೆ ಬರೆದು ಅದಕ್ಕೆ ಬೇಡಿಕೆ ರೇಖೆ ಅಂತ ಹೆಸರಿಟ್ಟಿದ್ದಾರೆ.

ಇದೇ ತಪ್ಪು ದೊಡ್ಡವರಿಂದಲೂ ಆಗಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹೆನ್ರಿ ಮೂರ್ 1914ರಲ್ಲಿ ಬೀಡುಕಬ್ಬಿಣದ ಬೆಲೆ ಮತ್ತು ಪ್ರಮಾಣದ ಅಂಕಿಗಳನ್ನು ಜೋಡಿಸಿದರು. ರೇಖೆ ಮೇಲಕ್ಕೆ ಏರಿತು. ಇದು ಹೊಸ ಬಗೆಯ ಬೇಡಿಕೆ ರೇಖೆ ಅಂದರು. ಕಬ್ಬಿಣ ಕೊಳ್ಳುವವರ ಬೇಡಿಕೆಯೇ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತಿದ್ದರೆ ಅಂಕಿಗಳಲ್ಲಿ ಕಾಣುವುದು ಪೂರೈಕೆ ರೇಖೆ ಅಂತ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ತೋರಿಸಿಕೊಟ್ಟರು. ಮೂರ್ ಅವರ ತಪ್ಪಿಗೆ ನಿಮ್ಮ ಕ್ಯಾಂಟೀನಿನದಕ್ಕಿಂತ ಬೇರೆ ಕಾರಣ, ಆದರೆ ಪಾಠ ಒಂದೇ. ಬೆಲೆ ಮತ್ತು ಮಾರಾಟ ಎರಡನ್ನೇ ಬರೆದುಕೊಂಡರೆ ಅದು ಯಾರ ರೇಖೆ ಅಂತ ಆ ಅಂಕಿಗಳು ತಾವಾಗಿ ಹೇಳುವುದಿಲ್ಲ. ನಿಮ್ಮ ಮಕ್ಕಳಿಗೆ ಈ ಕತೆ ಹೇಳಿ.

ಈಗ ಅಕ್ಕ ಯಾಕೆ 12 ರೂಪಾಯಿಗೆ ಇಪ್ಪತ್ತು ಜಾಸ್ತಿ ಕರಿದರು ಅನ್ನುವುದನ್ನು ನೋಡೋಣ. ಪೂರೈಕೆ ರೇಖೆ ಮೇಲಕ್ಕೆ ಏರುತ್ತದೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಮಕ್ಕಳು "ದುಡ್ಡು ಜಾಸ್ತಿ ಸಿಗುತ್ತಲ್ಲ, ಅದಕ್ಕೆ" ಅಂದುಕೊಂಡು ಮುಂದೆ ಹೋಗುತ್ತಾರೆ. ಆ ಉತ್ತರ ಸಾಲದು. ಅಕ್ಕನ ಹತ್ತಿರ ಕೂತು ಖರ್ಚು ಕೇಳಬೇಕು. ನಾನು ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ನೀವು ನಿಮ್ಮ ಅಕ್ಕನ ಅಂಕಿ ಹಾಕಿಕೊಳ್ಳಿ.

ಮೆಣಸಿನಕಾಯಿ, ಕಡಲೆಹಿಟ್ಟು, ಎಣ್ಣೆ, ಗ್ಯಾಸ್ ಎಲ್ಲ ಸೇರಿ ಒಂದು ಬಜ್ಜಿಗೆ 7 ರೂಪಾಯಿ. ಬ್ರೇಕ್ ಒಳಗೆ ಎಂಬತ್ತರವರೆಗೆ ಅಕ್ಕ ಒಬ್ಬರೇ ಕರಿಯಬಲ್ಲರು. ಅದಕ್ಕಿಂತ ಇಪ್ಪತ್ತು ಜಾಸ್ತಿ ಬೇಕೆಂದರೆ ಮೆಣಸಿನಕಾಯಿ ಸೀಳಿ, ಹಿಟ್ಟು ಕಲಸಿಕೊಡಲು ಇನ್ನೊಬ್ಬರು ಒಂದು ತಾಸು ಬೇಕು. ಅವರಿಗೆ 60 ರೂಪಾಯಿ. ಹಾಗಾದರೆ ಆ ಇಪ್ಪತ್ತು ಬಜ್ಜಿಗೆ ಸಾಮಾನು 140, ಕೂಲಿ 60, ಒಟ್ಟು 200. ಒಂದಕ್ಕೆ 10 ರೂಪಾಯಿ ಬಿತ್ತು. ಬೆಲೆ 10 ಇದ್ದಾಗ ಆ ಇಪ್ಪತ್ತರಿಂದ ಬರುವುದು 200, ಹೋಗುವುದೂ 200. ಏನೂ ಉಳಿಯದ ಕೆಲಸಕ್ಕೆ ಯಾರು ಬೇಗ ಏಳುತ್ತಾರೆ? ಬೆಲೆ 12 ಆದಾಗ ಬರುವುದು 240. ನಲವತ್ತು ರೂಪಾಯಿ ಉಳಿಯಿತು. ಅಕ್ಕ ಜನ ಕರೆದುಕೊಂಡರು, ನೂರು ಕರಿದರು.

ಅಲ್ಲಿಂದ ಇನ್ನೂ ಇಪ್ಪತ್ತು ಬೇಕೆಂದರೆ ಎರಡನೇ ಒಲೆ ಹೊತ್ತಿಸಬೇಕು. ಅದಕ್ಕೂ, ಅದರ ಮುಂದೆ ನಿಲ್ಲುವವರಿಗೂ ಸೇರಿ 120 ಅಂದುಕೊಳ್ಳಿ. ಸಾಮಾನು 140 ಸೇರಿಸಿದರೆ 260. 12 ರೂಪಾಯಿಗೆ ಮಾರಿದರೆ 240 ಬರುತ್ತದೆ, ಇಪ್ಪತ್ತು ಲುಕ್ಸಾನು. 14 ಇದ್ದರೆ 280, ಇಪ್ಪತ್ತು ಲಾಭ. ಹಾಗಾಗಿ 14ಕ್ಕೆ 120 ಬಜ್ಜಿ. ಬೆಲೆ 16 ಆದರೂ ಅಕ್ಕ 130ಕ್ಕಿಂತ ಮೇಲೆ ಹೋಗುವುದಿಲ್ಲ, ಯಾಕೆಂದರೆ ಕಿಟಕಿ ಒಂದೇ. ಇಪ್ಪತ್ತು ನಿಮಿಷದಲ್ಲಿ ಅಷ್ಟು ಕೈಗಳಿಗೆ ಕೊಟ್ಟು ಚಿಲ್ಲರೆ ಎಣಿಸುವುದೇ ಕಷ್ಟ.

ಇಲ್ಲಿ ಒಂದು ವಿಷಯವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಬೆಲೆ 2 ರೂಪಾಯಿ ಏರಿದಾಗ ಮೊದಲಿನ ಎಂಬತ್ತು ಬಜ್ಜಿಯಿಂದಲೂ ಅಕ್ಕನಿಗೆ 160 ಜಾಸ್ತಿ ಬರುತ್ತದೆ. ಆದರೆ ನೂರು ಕರಿಯಲು ಅದು ಕಾರಣವಲ್ಲ. ಎಂಬತ್ತನ್ನೇ ಕರಿದಿದ್ದರೂ ಆ 160 ಬರುತ್ತಿತ್ತು. ಕಾರಣ ಆ ಕೊನೆಯ ಇಪ್ಪತ್ತರ ಲೆಕ್ಕ ಮಾತ್ರ. ಪುಸ್ತಕದಲ್ಲಿ ಸೀಮಾಂತ ವೆಚ್ಚ ಅಂತ ಬರುತ್ತದಲ್ಲ, ಅದು ಇದೇ. ಹಿಟ್ಟು ಕಲಸಲು ಬಂದವರ ಅರವತ್ತು ರೂಪಾಯಿಯಲ್ಲಿ ಅದನ್ನು ತೋರಿಸಿದರೆ ಮಕ್ಕಳು ಮರೆಯುವುದಿಲ್ಲ.

ಪೂರೈಕೆ ಸಿಕ್ಕಿತು. ಬೇಡಿಕೆಯನ್ನು ಎಲ್ಲಿಂದ ತರುವುದು? ಮಾರಾಟದ ಪುಸ್ತಕದಲ್ಲಿ ಅದು ಇಲ್ಲ ಅಂದಮೇಲೆ ತಿನ್ನುವವರನ್ನೇ ಕೇಳಬೇಕು. ಕೇಳುವ ಬಗೆಯಲ್ಲಿ ಎಚ್ಚರ ಬೇಕು. ನಾನು ಹಿಂದೆ ಒಂದು ತರಗತಿಯಲ್ಲಿ ಕೈ ಎತ್ತಿಸಿದ್ದೆ. "10 ರೂಪಾಯಿಗೆ ಯಾರು ತಗೋತೀರಿ? 12ಕ್ಕೆ?" ಹಿಂದಿನ ಬೆಂಚಿನ ಒಬ್ಬ ಹುಡುಗ 16ಕ್ಕೂ ಕೈ ಇಳಿಸಲಿಲ್ಲ. ಅವನನ್ನು ನೋಡಿ ಸುತ್ತಲಿನ ಎಂಟು ಜನರೂ ಇಳಿಸಲಿಲ್ಲ. ದುಡ್ಡಿಲ್ಲ ಅಂತ ತೋರಿಸಿಕೊಳ್ಳಲು ಯಾವ ಮಗುವಿಗೂ ಇಷ್ಟವಿರುವುದಿಲ್ಲ, ಅಲ್ವಾ? ಆ ದಿನದ ಲೆಕ್ಕ ಯಾವುದಕ್ಕೂ ಬರಲಿಲ್ಲ. ಆವತ್ತಿನಿಂದ ಚೀಟಿಯೇ. ಹೆಸರು ಬರೆಯುವಂತಿಲ್ಲ.

ಚೀಟಿಯ ಮೇಲೆ ಇಷ್ಟು ಸಾಕು: "ಇವತ್ತಿನ ಬ್ರೇಕ್‌ನಲ್ಲಿ, ಇವತ್ತು ನಿನ್ನ ಹತ್ತಿರ ಇರುವ ದುಡ್ಡಿನಲ್ಲಿ, ಮಂಡಕ್ಕಿ ಪ್ಲೇಟಿಗೆ 15 ರೂಪಾಯಿ ಇರುವಾಗ, ಬಜ್ಜಿಗೆ 10 ರೂಪಾಯಿ ಆದರೆ ಎಷ್ಟು ತಗೊಳ್ತೀಯ? 12 ಆದರೆ? 14 ಆದರೆ? 16 ಆದರೆ?" ನಾಲ್ಕು ಸಂಖ್ಯೆ ಬರೆದು ಮಡಚಿ ಡಬ್ಬಿಗೆ ಹಾಕುವುದು. ಬಜ್ಜಿ ಇಷ್ಟವೇ ಅಂತ ಕೇಳಬೇಡಿ. ಬೆಲೆ ಎಷ್ಟಿರಬೇಕು ಅಂತಲೂ ಕೇಳಬೇಡಿ, ಎಲ್ಲರೂ 5 ಅಂತಲೇ ಬರೆಯುತ್ತಾರೆ. ಇಷ್ಟ ಬೇರೆ, ಬೇಡಿಕೆ ಬೇರೆ. ಜೇಬಿನಲ್ಲಿ ದುಡ್ಡಿದ್ದು, ಆ ಬೆಲೆಗೆ ಕೊಡಲು ಮನಸ್ಸಿದ್ದರೆ ಅದು ಬೇಡಿಕೆ.

ಚೀಟಿಯಲ್ಲಿ ಮಂಡಕ್ಕಿಯ ಬೆಲೆ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ದಾವಣಗೆರೆಯಲ್ಲಿ ಮಂಡಕ್ಕಿ ಬಿಟ್ಟು ಮೆಣಸಿನಕಾಯಿಯನ್ನೊಂದೇ ತಿನ್ನುವವರು ಎಷ್ಟು ಜನ? ಇತರ ಅಂಶಗಳು ಸ್ಥಿರವಾಗಿದ್ದಾಗ ಅಂತ ಪುಸ್ತಕದಲ್ಲಿ ಬರುವ ಮಾತು ಈ ಚೀಟಿಯ ಮೊದಲ ಸಾಲಿನಲ್ಲಿದೆ. ಇವತ್ತು, ಈ ದುಡ್ಡು, ಮಂಡಕ್ಕಿ 15. ಅದನ್ನು ಹಿಡಿದಿಟ್ಟು ಬಜ್ಜಿಯ ಬೆಲೆ ಒಂದನ್ನೇ ಬದಲಿಸುತ್ತಿದ್ದೇವೆ.

ಚೀಟಿಯನ್ನು ನಿಮ್ಮ ಹನ್ನೊಂದನೇ ತರಗತಿಗೆ ಮಾತ್ರ ಕೊಟ್ಟರೆ ಸಾಲದು. ಚಿಕ್ಕ ತರಗತಿಯವರ ಕೈಯಲ್ಲಿ ದುಡ್ಡು ಕಡಿಮೆ. ಪ್ರತಿ ತರಗತಿಯಿಂದಲೂ ಐದಕ್ಕೊಬ್ಬರಂತೆ ಹಾಜರಿ ಪುಸ್ತಕ ನೋಡಿ ಆರಿಸಿಕೊಳ್ಳಿ. ನಾನೂರರಲ್ಲಿ ಎಂಬತ್ತು ಚೀಟಿ. ಬಂದ ಮೊತ್ತವನ್ನು ಐದರಿಂದ ಗುಣಿಸಿದರೆ ಇಡೀ ಶಾಲೆಯ ಅಂದಾಜು. ಗುಣಿಸುವುದರಿಂದ ಒಂದು ತೊಂದರೆಯೂ ಇದೆ. ಯಾರೋ ಒಬ್ಬ ತಮಾಷೆಗೆ 16 ರೂಪಾಯಿಗೂ ನಾಲ್ಕು ಬಜ್ಜಿ ಅಂತ ಬರೆದರೆ ಶಾಲೆಯ ಲೆಕ್ಕದಲ್ಲಿ ಇಪ್ಪತ್ತು ಏರಿಬಿಡುತ್ತದೆ. ಚೀಟಿ ಬಿಚ್ಚುವಾಗ ಬೆಲೆ ಏರಿದಂತೆ ಸಂಖ್ಯೆಯೂ ಏರಿರುವ ಚೀಟಿ ಸಿಕ್ಕರೆ ಪಕ್ಕಕ್ಕೆ ಇಡಿ. ಎಷ್ಟು ಚೀಟಿ ಪಕ್ಕಕ್ಕೆ ಇಟ್ಟಿರಿ ಅಂತ ಬೋರ್ಡ್ ಮೇಲೆ ಬರೆಯಿರಿ, ಮುಚ್ಚಿಡಬೇಡಿ. ಹಾಗೆ ತೆಗೆದರೆ ಐದರ ಬದಲು, ನಾನೂರನ್ನು ಉಳಿದ ಚೀಟಿಗಳಿಂದ ಭಾಗಿಸಿ ಬಂದ ಸಂಖ್ಯೆಯಿಂದ ಗುಣಿಸಬೇಕು.

ಚೀಟಿಗಳ ಮೊತ್ತ 10ಕ್ಕೆ 30, 12ಕ್ಕೆ 26, 14ಕ್ಕೆ 22, 16ಕ್ಕೆ 16 ಬಂತು ಅಂದುಕೊಳ್ಳಿ. ಐದರಿಂದ ಗುಣಿಸಿ, ಅಕ್ಕನ ಲೆಕ್ಕದ ಪಕ್ಕ ಇಟ್ಟರೆ ಹೀಗೆ ಕಾಣುತ್ತದೆ:

| ಬೆಲೆ (ರೂ.) | ಬೇಡಿಕೆ | ಪೂರೈಕೆ |
|---|---|---|
| 10 | 150 | 80 |
| 12 | 130 | 100 |
| 14 | 110 | 120 |
| 16 | 80 | 130 |

ಬೆಲೆ ಏರಿದಂತೆ ಬೇಡಿಕೆ ಇಳಿಯುತ್ತಿದೆ. ನಿಯಮ ಸುಳ್ಳಾಗಿಲ್ಲ. 10 ರೂಪಾಯಿಯಲ್ಲಿ 70 ಬಜ್ಜಿ ಕೊರತೆ ಇತ್ತು. 12ರಲ್ಲಿ ಬೇಡಿಕೆ 20 ಇಳಿಯಿತು, ಪೂರೈಕೆ 20 ಏರಿತು, ಕೊರತೆ 30ಕ್ಕೆ ಬಂತು. ಮಕ್ಕಳು ನೋಡಿದ್ದು ಏರಿದ ಪೂರೈಕೆಯನ್ನು. ಇಳಿದ ಬೇಡಿಕೆ ಕಿಟಕಿಯ ಆಚೆ ಕ್ಯೂನಲ್ಲಿತ್ತು.

ಇದನ್ನು ಗ್ರಾಫ್ ಹಾಳೆಗೆ ಇಳಿಸುವಾಗ ಬೆಲೆ ನಿಂತ ಅಕ್ಷದ ಮೇಲೆ ಬರಲಿ. ಗಣಿತದಲ್ಲಿ ಕಾರಣವಾಗುವ ಸಂಖ್ಯೆಯನ್ನು ಮಲಗಿದ ಅಕ್ಷಕ್ಕೆ ಹಾಕಿ ಅಭ್ಯಾಸವಾದ ಮಕ್ಕಳು ತಿರುಗಿಸಿ ಬರೆಯುತ್ತಾರೆ. ಅರ್ಥಶಾಸ್ತ್ರದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಹೀಗೆಯೇ ರೂಢಿ ಅಂತ ಹೇಳಿಬಿಡಿ.

ಎರಡು ರೇಖೆ 12 ಮತ್ತು 14ರ ನಡುವೆ ಕೂಡುತ್ತವೆ. ಬಿಂದುಗಳನ್ನು ನೇರ ಗೆರೆಯಿಂದ ಸೇರಿಸಿದ್ದೇವೆ ಅಂದುಕೊಂಡರೆ, ಈ ನಡುವೆ ಬೆಲೆ ಒಂದು ರೂಪಾಯಿ ಏರಿದಾಗ ಬೇಡಿಕೆ 10 ಇಳಿಯುತ್ತದೆ, ಪೂರೈಕೆ 10 ಏರುತ್ತದೆ. ಅಂದರೆ ಅಂತರ 20 ಕಡಿಮೆಯಾಗುತ್ತದೆ. 12ರಲ್ಲಿ ಅಂತರ 30 ಇತ್ತು, ಅದು ಮುಗಿಯಲು ಒಂದೂವರೆ ರೂಪಾಯಿ ಬೇಕು. ಸಮತೋಲನ ಬೆಲೆ 13 ರೂಪಾಯಿ 50 ಪೈಸೆ, ಪ್ರಮಾಣ 115. ಐವತ್ತು ಪೈಸೆ ಚಿಲ್ಲರೆ ಯಾರ ಹತ್ತಿರ ಇದೆ? 13 ಮಾಡಿದರೆ 120 ಕೇಳುತ್ತಾರೆ, 110 ಸಿಗುತ್ತದೆ, ಹತ್ತು ಬಜ್ಜಿ ಕೊರತೆ. 14 ಮಾಡಿದರೆ ಹತ್ತು ಬಜ್ಜಿ ತಟ್ಟೆಯಲ್ಲೇ ಆರಿ ಮೆತ್ತಗಾಗುತ್ತವೆ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ, ಈ ಚರ್ಚೆಗೆ ಸಮಯ ಕೊಡಿ.

ಚೀಟಿಯನ್ನು ಪೂರ್ತಿ ನಂಬಬಹುದೇ? ಬರೆಯುವಾಗ ದುಡ್ಡು ಕೈಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಉದಾರವಾಗಿ ಬರೆಯುತ್ತಾರೆ. ಪರೀಕ್ಷಿಸಲು ಒಂದು ದಾರಿ ಇದೆ. 12 ರೂಪಾಯಿಯ ದಿನ ಇಬ್ಬರು ಮಕ್ಕಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ. ಕೊನೆಯ ಬಜ್ಜಿ ಹೋದ ಹೊತ್ತನ್ನು ಒಬ್ಬರು ಬರೆದುಕೊಳ್ಳಲಿ. ಅಲ್ಲಿಂದ ಬೆಲ್ ಹೊಡೆಯುವವರೆಗೆ ಬಂದು "ಬಜ್ಜಿ ಇದೆಯಾ ಅಕ್ಕ" ಅಂತ ಕೇಳಿದವರು ಎಷ್ಟು ಬಜ್ಜಿ ಬೇಕು ಅಂದರೋ ಅಷ್ಟು ಗೀಟು ಇನ್ನೊಬ್ಬರು ಎಳೆಯಲಿ. ಬಂದವರನ್ನು ಎಣಿಸಬೇಡಿ, ಬಜ್ಜಿಯನ್ನು ಎಣಿಸಿ. ಚೀಟಿ ಸರಿ ಇದ್ದರೆ ಗೀಟು 30ರ ಆಸುಪಾಸು ಬರಬೇಕು. ಹತ್ತೇ ಬಂದರೆ ಎರಡು ಕಾರಣ ಇರಬಹುದು. ಚೀಟಿಯಲ್ಲಿ ಜಾಸ್ತಿ ಬರೆದಿದ್ದಾರೆ, ಇಲ್ಲವೇ ಖಾಲಿ ತಟ್ಟೆಯನ್ನು ದೂರದಿಂದಲೇ ನೋಡಿ ವಾಪಸ್ ಹೋಗಿದ್ದಾರೆ. ಎರಡನೆಯದನ್ನು ತಿಳಿಯಲು ಮೇಲಿನ ಮಹಡಿಯ ತರಗತಿಗಳಲ್ಲಿ ಕೇಳಿ. ಮೆಟ್ಟಿಲಿಳಿದು ಬರುವಷ್ಟರಲ್ಲಿ ಖಾಲಿಯಾಗುತ್ತದೆ ಅಂತ ಗೊತ್ತಿರುವ ಮಕ್ಕಳು ಹೊರಡುವುದೇ ಇಲ್ಲ. ಬೆಲೆ ಸಮತೋಲನಕ್ಕಿಂತ ಕೆಳಗಿದ್ದಾಗ ಯಾರಿಗೆ ಸಿಗಬೇಕು ಅಂತ ಕ್ಯೂ ತೀರ್ಮಾನಿಸುತ್ತದೆ. ನಮ್ಮ ಶಾಲೆಗಳಲ್ಲಿ ಕ್ಯೂ ಅಂದರೆ ಕೆಳಗಿನ ಮಹಡಿಯವರು, ಜೋರಾಗಿ ಓಡುವವರು.

ಒಂದು ಮಿತಿಯನ್ನು ಮಾತ್ರ ನೀವು ಮಕ್ಕಳಿಗೆ ಹೇಳಲೇಬೇಕು. ಕ್ಯಾಂಟೀನಿನಲ್ಲಿ ಮಾರುವವರು ಒಬ್ಬರೇ. ಪುಸ್ತಕದ ಪೂರೈಕೆ ರೇಖೆ ಬೆಲೆಯನ್ನು ತಾನು ಬದಲಿಸಲಾಗದ ಮಾರಾಟಗಾರರದು. ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತ ಹಾಗೆ. ಅವತ್ತಿನ ದರ ಇಷ್ಟು ಅಂದರೆ ಇಷ್ಟೇ, ಎಷ್ಟು ಮಾರಬೇಕು ಅನ್ನುವುದಷ್ಟೇ ಅವನ ಕೈಯಲ್ಲಿರುವುದು. ಬೆಲೆಯನ್ನು ಅಕ್ಕನೇ ಇಡುವಂತಿದ್ದರೆ "ಈ ಬೆಲೆಗೆ ಎಷ್ಟು ಕರಿಯುತ್ತೀರಿ" ಅನ್ನುವ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಬೆಲೆ, ಪ್ರಮಾಣ ಎರಡನ್ನೂ ಅವರು ಒಟ್ಟಿಗೇ ಆರಿಸಿಕೊಳ್ಳುತ್ತಾರೆ. ಆದರೆ ನಿಮ್ಮಲ್ಲಿ ಬೆಲೆ ಇಡುವುದು ಸಮಿತಿ. ಆ ಒಂದು ಕಾರಣಕ್ಕೆ ಒಬ್ಬರೇ ಇದ್ದರೂ ಅಕ್ಕ ಮೆಕ್ಕೆಜೋಳದ ರೈತನ ಜಾಗದಲ್ಲಿದ್ದಾರೆ, ನಮ್ಮ ಪೂರೈಕೆ ರೇಖೆಗೂ ಅರ್ಥ ಬಂದಿದೆ. ಇದೇ ಕಾರಣಕ್ಕೆ ಬೆಲೆ ತಾನಾಗಿ 13.50ರ ಕಡೆಗೆ ಹೋಗುವುದೂ ಇಲ್ಲ. ಸಮಿತಿ ಮತ್ತೆ ಸೇರುವವರೆಗೆ 12ರಲ್ಲೇ ನಿಂತಿರುತ್ತದೆ.

ಸಮಿತಿಯವರು ಬೆಲೆ ಯಾಕೆ ಏರಿಸಿದರು ಅಂತಲೂ ಕೇಳಿಕೊಳ್ಳಿ. ಎಣ್ಣೆ ದುಬಾರಿಯಾಯಿತು ಅಂತ ಏರಿಸಿದ್ದರೆ ಮೊದಲ ವಾರದ 80, ಎರಡನೇ ವಾರದ 100 ಒಂದೇ ಪೂರೈಕೆ ರೇಖೆಯ ಮೇಲಿಲ್ಲ. ನಡುವೆ ರೇಖೆಯೇ ಎಡಕ್ಕೆ ಸರಿದಿದೆ. ಆಗ ಅಕ್ಕನ ಹತ್ತಿರ ಕೂತು ಹೊಸ ಎಣ್ಣೆ ದರದಲ್ಲಿ ನಾಲ್ಕೂ ಬೆಲೆಗೆ ಲೆಕ್ಕ ಮತ್ತೆ ಹಾಕಬೇಕು.

ಮುಂದಿನ ಪಾಠ ರೇಖೆಯ ಪಲ್ಲಟ ತಾನೇ? ಅದಕ್ಕೂ ಇದೇ ಚೀಟಿ ಸಾಕು. ಮಂಡಕ್ಕಿ ಪ್ಲೇಟಿಗೆ 15ರ ಬದಲು 20 ಅಂತ ಬರೆದು ಅದೇ ಎಂಬತ್ತು ಮಕ್ಕಳಿಗೆ ಕೊಡಿ. ಜೊತೆಗೆ ತಿನ್ನುವ ವಸ್ತು ದುಬಾರಿಯಾದಾಗ ಬಜ್ಜಿಯೂ ಕಡಿಮೆ ಬೇಕಾಗುತ್ತದೆ. ಎಲ್ಲ ಬೆಲೆಯಲ್ಲೂ 20 ಇಳಿಯಿತು ಅಂದುಕೊಳ್ಳಿ. 12ಕ್ಕೆ 130 ಇದ್ದದ್ದು 110. ಬಜ್ಜಿಯ ಬೆಲೆ ಬದಲಾಗಿಲ್ಲ, ರೇಖೆಯೇ ಎಡಕ್ಕೆ ಸರಿಯಿತು. ಸಮತೋಲನ 12.50ಕ್ಕೆ ಇಳಿಯಿತು, ಪ್ರಮಾಣ 105.

ಆಮೇಲೆ ಮಂಡಕ್ಕಿಗೆ ನಿಜವಾಗಿಯೂ 20 ಆದ ವಾರ ಏನಾಗುತ್ತದೆ ಅಂತ ಮಕ್ಕಳಿಂದಲೇ ಮೊದಲು ಹೇಳಿಸಿ. ಬಹಳ ಜನ ಮಾರಾಟ ಇಳಿಯುತ್ತದೆ ಅನ್ನುತ್ತಾರೆ. ಆದರೆ 12 ರೂಪಾಯಿಗೆ ಅಕ್ಕ ಕರಿಯುವುದು ನೂರು, ಕೇಳುವವರು ಇನ್ನೂ 110. ಅಕ್ಕನ ಪುಸ್ತಕದಲ್ಲಿ ಆ ವಾರವೂ ನೂರೇ ಇರುತ್ತದೆ. ಬದಲಾಗುವುದು ಕಿಟಕಿಯ ಹತ್ತಿರ ನಿಂತ ಇಬ್ಬರ ಹಾಳೆಗಳು. ಮೂವತ್ತು ಗೀಟು ಇದ್ದ ಕಡೆ ಹತ್ತು ಗೀಟು, ತಟ್ಟೆ ಖಾಲಿಯಾದ ಹೊತ್ತು ಕೆಲವು ನಿಮಿಷ ಮುಂದಕ್ಕೆ.